ಹಲ್ಲಿನ ಹಳದಿ ಇಳಿಯಲಿ, ಆಕಾರ ಉಳಿಯಲಿ: ನಗುಮುಖದ ಫೋಟೋ ತಿದ್ದುವ ಕ್ರಮ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಮದುವೆ ಆಲ್ಬಂಗಳನ್ನು ತಿರುವಿ ಹಾಕಿದರೆ ತಿದ್ದಿದ ಹಲ್ಲು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ. ಮುಖದ ಮೇಲೆ ಜಗುಲಿಯ ಮಬ್ಬು ಬೆಳಕು, ಸೀರೆಯ ಮೇಲೆ ಮಳೆಗಾಲದ ತಣ್ಣನೆಯ ನೆರಳು ಇರುತ್ತದೆ. ಬಾಯೊಳಗೆ ಮಾತ್ರ ಕಾಗದ ಕತ್ತರಿಸಿ ಅಂಟಿಸಿದಂತಹ ಒಂದು ಬಿಳಿ ಪಟ್ಟಿ. ಹೀಗಾಗುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಹಳದಿಯನ್ನು ಕಡಿಮೆ ಮಾಡುವ ಬದಲು ಪೂರ್ತಿ ತೆಗೆದುಬಿಡುವುದು ಒಂದು. ಬಣ್ಣ ಇಳಿಸುವ ಕೆಲಸವನ್ನೂ ಬೆಳಕು ಏರಿಸುವ ಕೆಲಸವನ್ನೂ ಒಂದೇ ಏಟಿಗೆ ಎಲ್ಲ ಹಲ್ಲುಗಳಿಗೂ ಸಮನಾಗಿ ಮಾಡುವುದು ಇನ್ನೊಂದು. ಈ ಎರಡು ಕೆಲಸಗಳನ್ನು ಬೇರೆ ಬೇರೆ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ.

ಒಂದೇ ಚಿತ್ರವನ್ನು ಹಿಡಿದು ಕೊನೆಯವರೆಗೆ ಹೋಗುತ್ತೇನೆ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆಯಲ್ಲಿ ಯಜಮಾನರ ಷಷ್ಟ್ಯಬ್ದಿ. ಅವರ ಹೆಂಡತಿ ಜಗುಲಿಯ ಅಂಚಿನಲ್ಲಿ ಕುಳಿತು ಯಾರದೋ ಮಾತಿಗೆ ಬಾಯ್ತುಂಬ ನಗುತ್ತಿದ್ದಾರೆ. ಎದುರಿಗೆ ಅಡಿಕೆ ತೋಟ, ಕೆಳಗೆ ಕೆಂಪು ಕಾವಿಯ ನೆಲ, ಹಿಂದಿನ ನಡುಮನೆಯಲ್ಲಿ ಹಳದಿ ಬಲ್ಬು ಉರಿಯುತ್ತಿದೆ. ಊಟವಾದ ಮೇಲೆ ಕವಳ ಹಾಕುವ ಅಭ್ಯಾಸ ಅವರಿಗಿದೆ. ಮಕ್ಕಳಿಗೆ ಈ ಚಿತ್ರವನ್ನು 12×18 ಇಂಚಿನ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಚೌಕಟ್ಟು ಕಟ್ಟಿಸುವ ಆಸೆ. ಹಲ್ಲು ಸ್ವಲ್ಪ ಬೆಳ್ಳಗಾಗಲಿ ಎಂದು ಅವರು ಕೇಳಿದರೆ, ಅಮ್ಮನ ಮಾತು ಬೇರೆ: "ನನ್ನ ಹಲ್ಲು ಹೇಗಿದೆ ಎಂದು ಊರಿಗೆಲ್ಲ ಗೊತ್ತು, ತೀರಾ ಬೆಳ್ಳಗೆ ಮಾಡಬೇಡಿ ಮಾರಾಯರೇ." ಕೆಲಸ ಶುರು ಮಾಡುವ ಮುಂಚೆ ಚಿತ್ರದಲ್ಲಿರುವವರ ಮಾತನ್ನು ಕೇಳಿಕೊಳ್ಳುವುದು ಒಳ್ಳೆಯದು. ಎಷ್ಟು ತಿದ್ದಬೇಕು ಎಂಬುದರ ಮಿತಿಯನ್ನು ಹಾಕಬೇಕಾದವರು ಅವರೇ.

ನಾನು ಇಲ್ಲಿ ಹೇಳುವ ಹೆಸರುಗಳು ಫೋಟೋಶಾಪಿನವು, ಏಕೆಂದರೆ ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಅದರ ಬಳಕೆ ಹೆಚ್ಚು. ಗಿಂಪ್ ಮತ್ತು ಮೊಬೈಲಿನಲ್ಲಿ ಮಾಡುವವರಿಗೆ ಕೊನೆಯಲ್ಲಿ ಎರಡು ಮಾತು ಇದೆ.

ಮೊದಲು ಬೆಳಕಿನ ಬಣ್ಣ

ಹಲ್ಲಿನಲ್ಲಿ ಕಾಣುವ ಹಳದಿಯೆಲ್ಲ ಹಲ್ಲಿನದಲ್ಲ. ನಮ್ಮ ಚಿತ್ರದಲ್ಲಿ ತೋಟದ ಕಡೆಯಿಂದ ಬರುವ ಬೆಳಕು ಎಲೆಗಳ ಮೇಲೆ ಬಿದ್ದು ಹಸಿರು ಛಾಯೆ ಹೊತ್ತು ಬಂದಿದೆ. ಕಾವಿ ನೆಲದಿಂದ ಪುಟಿದ ಬೆಳಕು ಗದ್ದದ ಕೆಳಭಾಗಕ್ಕೂ ಕೆಳಸಾಲಿನ ಹಲ್ಲಿಗೂ ಕೆಂಪು ಬಳಿದಿದೆ. ಹಸಿರೂ ಕೆಂಪೂ ಹಳದಿಯ ಮೇಲೆ ಬಿದ್ದಾಗ ಹಲ್ಲು ನಿಜಕ್ಕಿಂತ ಹೆಚ್ಚು ಮಾಸಲಾಗಿ ಕಾಣುತ್ತದೆ. ಇದನ್ನು ಸರಿಪಡಿಸದೆ ಹಲ್ಲಿಗೆ ಕೈಹಾಕಿದರೆ, ಹಲ್ಲು ಒಂದು ಬೆಳಕಿನಲ್ಲೂ ಮುಖ ಇನ್ನೊಂದು ಬೆಳಕಿನಲ್ಲೂ ಇದ್ದಂತೆ ಆಗುತ್ತದೆ. ತಿದ್ದಿದ್ದು ಎದ್ದು ಕಾಣುವುದು ಮೊದಲು ಇಲ್ಲಿಂದಲೇ.

ಆದ್ದರಿಂದ ಚಿತ್ರವನ್ನು ತೆರೆದ ಕೂಡಲೇ Filter ಮೆನುವಿನಲ್ಲಿ Camera Raw Filter ತೆಗೆದುಕೊಂಡು Temperature ಮತ್ತು Tint ಎಂಬ ಎರಡು ಪಟ್ಟಿಗಳನ್ನು ನೋಡಿ. ರಾ ಫೈಲ್ ಇದ್ದರೆ ಇನ್ನೂ ಒಳ್ಳೆಯದು, ಅದು ತೆರೆಯುವಾಗಲೇ ಈ ಎರಡೂ ಸಿಗುತ್ತವೆ. ತೋಟದ ಹಸಿರನ್ನು ಕಳೆಯಲು Tint ಅನ್ನು ನೇರಳೆ ಗುಲಾಬಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಸಿ, ಕೆನ್ನೆಯ ಹಸಿರು ಛಾಯೆ ಹೋದ ಕಡೆ ನಿಲ್ಲಿಸಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಳಿ ಎಂದು ಗುರುತಿಸುವ ಡ್ರಾಪರನ್ನು ಯಜಮಾನರ ಪಂಚೆಯ ಮೇಲೆ ಒತ್ತುವ ರೂಢಿ ಬಹಳ ಜನರಲ್ಲಿದೆ. ನೀಲಿ ಹಾಕಿ ಒಗೆದ ಪಂಚೆ ಅಥವಾ ಹೊಳಪು ಕೊಡುವ ಸೋಪಿನಪುಡಿಯಲ್ಲಿ ತೊಳೆದ ಪಂಚೆ ನಿಜವಾಗಿ ಬಿಳಿಯಲ್ಲ, ಸ್ವಲ್ಪ ನೀಲಿ. ಆ ನೀಲಿಯನ್ನೇ ಬಿಳಿ ಎಂದು ಸಾಫ್ಟ್‌ವೇರಿಗೆ ಹೇಳಿದರೆ ಅದು ಇಡೀ ಚಿತ್ರವನ್ನು ಹಳದಿಯ ಕಡೆಗೆ ತಳ್ಳುತ್ತದೆ, ಹಲ್ಲಿನ ಹಳದಿ ಇನ್ನೂ ಹೆಚ್ಚುತ್ತದೆ. ಕಣ್ಣಿನ ಬಿಳಿಯೂ ಭರವಸೆಯ ಗುರುತಲ್ಲ, ಅದರಲ್ಲಿ ಕೆಂಪು ನರಗಳೂ ನೆರಳೂ ಇರುತ್ತವೆ. ಬಣ್ಣ ಹಚ್ಚದ ನರೆಗೂದಲು ಚಿತ್ರದಲ್ಲಿದ್ದರೆ ಅದನ್ನು ಗಮನಿಸುತ್ತಾ ಕಣ್ಣಳತೆಯಲ್ಲೇ ಹೊಂದಿಸಿ. ನರೆಗೂದಲಿನಲ್ಲಿ ಹಸಿರೂ ಕೆಂಪೂ ಕಾಣದಿದ್ದರೆ ಸಾಮಾನ್ಯವಾಗಿ ಮುಖವೂ ಸರಿಯಾಗಿರುತ್ತದೆ.

ಬೆಳಕು ಸರಿಹೋದ ಮೇಲೆ ಹಲ್ಲನ್ನು ಇನ್ನೊಮ್ಮೆ ನೋಡಿ. ಎಷ್ಟೋ ಚಿತ್ರಗಳಲ್ಲಿ ಮುಂದಿನ ಕೆಲಸ ಬೇಕಾಗುವುದೇ ಇಲ್ಲ.

ಹಲ್ಲು ಹೇಗೆ ಬಿಳಿ

ಬ್ರಶ್ ಹಿಡಿಯುವ ಮುಂಚೆ ಹಲ್ಲಿನ ರಚನೆಯ ಬಗ್ಗೆ ಇಷ್ಟು ತಿಳಿದಿರಲಿ. ಹೊರಗಿನ ಎನಾಮೆಲ್ ಪದರ ಬೆಳಕನ್ನು ಸ್ವಲ್ಪ ಒಳಗೆ ಬಿಟ್ಟುಕೊಳ್ಳುತ್ತದೆ, ಅದರ ಕೆಳಗಿನ ಡೆಂಟಿನ್ ಸ್ವಭಾವತಃ ಹಳದಿ. ಒಸಡಿನ ಹತ್ತಿರ ಎನಾಮೆಲ್ ತೆಳುವಾಗಿರುವುದರಿಂದ ಅಲ್ಲಿ ಹಲ್ಲು ಹೆಚ್ಚು ಹಳದಿ. ಮುಂದಿನ ಬಾಚಿಹಲ್ಲುಗಳ ತುದಿಯಲ್ಲಿ ಡೆಂಟಿನ್ ಇಲ್ಲದಿರುವುದರಿಂದ ಅಲ್ಲಿ ಬೂದುನೀಲಿಯ ತೆಳು ಅಂಚು ಕಾಣುತ್ತದೆ. ಕೋರೆಹಲ್ಲು ಪಕ್ಕದ ಹಲ್ಲುಗಳಿಗಿಂತ ಸಾಮಾನ್ಯವಾಗಿ ಒಂದು ಛಾಯೆ ಗಾಢ. ಅದರಾಚೆಯ ಹಲ್ಲುಗಳು ಕೆನ್ನೆಯ ನೆರಳಿಗೆ ಸರಿದು ಕಪ್ಪಾಗುತ್ತಾ ಹೋಗುತ್ತವೆ. ವಯಸ್ಸಾದಂತೆ ಎನಾಮೆಲ್ ಸವೆದು ಒಳಗಿನ ಹಳದಿ ಇನ್ನಷ್ಟು ತೋರುತ್ತದೆ, ಆದ್ದರಿಂದ ಐವತ್ತು ದಾಟಿದವರ ಮುಖದಲ್ಲಿ ಇಪ್ಪತ್ತರ ಹುಡುಗಿಯ ಹಲ್ಲಿನ ಬಿಳುಪು ಹೊಂದುವುದಿಲ್ಲ.

ಬಾಯಿಗೆ ಆಳ ಕೊಡುವುದು ಈ ಏರಿಳಿತವೇ. ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದರೆ ದುಂಡಗಿನ ದಂತಪಂಕ್ತಿ ಚಪ್ಪಟೆ ಹಲಗೆಯಾಗುತ್ತದೆ. ನಾವು ಮಾಡಬೇಕಾದದ್ದು ಈ ಏರಿಳಿತವನ್ನು ಹಾಗೆಯೇ ಇಟ್ಟು, ಇಡೀ ಸಾಲನ್ನು ಹಳದಿಯಿಂದ ಸ್ವಲ್ಪ ದೂರ ಸರಿಸುವುದು.

ಲೇಯರ್ ಮತ್ತು ಮಾಸ್ಕ್

Layer ಮೆನುವಿನ New Adjustment Layer ಒಳಗಿಂದ ಮೊದಲು Hue/Saturation, ಅದರ ಮೇಲೆ Curves, ಹೀಗೆ ಎರಡು ಲೇಯರ್ ಹಾಕಿ. ಎರಡನ್ನೂ ಆರಿಸಿ Ctrl+G ಒತ್ತಿದರೆ ಒಂದು ಗುಂಪಾಗುತ್ತದೆ. Alt ಒತ್ತಿ ಹಿಡಿದು ಕೆಳಗಿನ ಮಾಸ್ಕ್ ಗುಂಡಿಯನ್ನು ಒತ್ತಿದರೆ ಆ ಗುಂಪಿಗೆ ಕಪ್ಪು ಮಾಸ್ಕ್ ಸೇರುತ್ತದೆ. ಇನ್ನು ಮಾಸ್ಕಿನಲ್ಲಿ ಬಿಳಿ ಬಳಿದ ಕಡೆ ಮಾತ್ರ ತಿದ್ದುಪಡಿ ಕಾಣುತ್ತದೆ. ಬಣ್ಣಕ್ಕೂ ಬೆಳಕಿಗೂ ಒಂದೇ ಮಾಸ್ಕ್ ಇರುವುದರಿಂದ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ.

ಬಳಿಯುವಾಗ ಪರಿಣಾಮ ಕಣ್ಣಿಗೆ ಕಾಣಬೇಕು. ಅದಕ್ಕಾಗಿ Hue/Saturation ಲೇಯರಿನಲ್ಲಿ Master ಎಂದಿರುವುದನ್ನು Yellows ಎಂದು ಬದಲಿಸಿ, Saturation ಅನ್ನು ತಾತ್ಕಾಲಿಕವಾಗಿ −50 ಮಾಡಿಡಿ. Yellows ಆರಿಸುವುದರಿಂದ ಇನ್ನೊಂದು ಲಾಭವೂ ಇದೆ. ತುಟಿ ಮತ್ತು ಒಸಡಿನ ಬಣ್ಣ ಹೆಚ್ಚಾಗಿ ಕೆಂಪಿನ ವಲಯದಲ್ಲಿರುವುದರಿಂದ ಬ್ರಶ್ ಒಂದು ಕೂದಲೆಳೆ ಆಚೆ ಹೋದರೂ ಅವು ಅಷ್ಟಾಗಿ ಬಿಳಿಚಿಕೊಳ್ಳುವುದಿಲ್ಲ. Master ನಲ್ಲೇ ಇಳಿಸಿದವರ ಚಿತ್ರಗಳಲ್ಲಿ ಒಸಡು ಬೂದಿ ಬಣ್ಣಕ್ಕೆ ತಿರುಗಿರುವುದನ್ನು ನೀವು ನೋಡಿರಬಹುದು.

ಹಲ್ಲಿನ ಹಳದಿ ಎಷ್ಟೋ ಸಲ ಅಪ್ಪಟ ಹಳದಿಯಾಗಿರದೆ ಕಿತ್ತಳೆಯ ಕಡೆಗೆ ವಾಲಿರುತ್ತದೆ. ಆಗ Yellows ಪಟ್ಟಿ ಅದನ್ನು ಅರೆಬರೆ ಮಾತ್ರ ಹಿಡಿಯುತ್ತದೆ, ಎಷ್ಟು ಎಳೆದರೂ ಹಳದಿ ಕದಲುವುದಿಲ್ಲ. ಆ ಫಲಕದಲ್ಲೇ ಇರುವ ಡ್ರಾಪರಿನಿಂದ ಹಲ್ಲಿನ ನಡುಭಾಗವನ್ನು ಒಮ್ಮೆ ಒತ್ತಿ. ವಲಯ ನಿಮ್ಮ ಹಲ್ಲಿನ ಬಣ್ಣದ ಸುತ್ತ ಸರಿದು ಕೂರುತ್ತದೆ. ಹೆಸರು Reds 2 ಎಂದೋ ಇನ್ನೇನೋ ಬದಲಾದರೆ ಚಿಂತೆಯಿಲ್ಲ.

ನಮ್ಮ ಚಿತ್ರ 6000×4000 ಪಿಕ್ಸೆಲಿನದು, ನಗುವಿನ ಅಗಲ ಅದರಲ್ಲಿ ಸುಮಾರು 250 ಪಿಕ್ಸೆಲ್. ಇದಕ್ಕೆ 12ರಿಂದ 15 ಪಿಕ್ಸೆಲಿನ ಮೆತ್ತನೆಯ ಬ್ರಶ್ ಸಾಕು. ಎದುರಿನ ಬಾಚಿಹಲ್ಲುಗಳ ಮೇಲೆ ಪೂರ್ಣ ಬಿಳಿ ಬಳಿಯಿರಿ. ಬ್ರಶ್ಶಿನ Opacity ಅನ್ನು 65ರ ಸುಮಾರಿಗೆ ಇಳಿಸಿ ಕೋರೆಹಲ್ಲುಗಳನ್ನೂ, 30ಕ್ಕೆ ಇಳಿಸಿ ಅದರಾಚೆಯ ಹಲ್ಲುಗಳನ್ನೂ ಒಂದೊಂದೇ ಎಳೆತದಲ್ಲಿ ಮುಗಿಸಿ. ನೆರಳಿಗೆ ಸರಿದ ದವಡೆ ಹಲ್ಲುಗಳನ್ನು ಮುಟ್ಟಲೇಬೇಡಿ. ಒಸಡಿನ ಅಂಚಿನಿಂದ ಒಂದೆರಡು ಪಿಕ್ಸೆಲ್ ಒಳಗೇ ನಿಲ್ಲಿ, ಹಲ್ಲುಗಳ ನಡುವಿನ ಕಪ್ಪು ಗೆರೆಗಳನ್ನು ಬಿಟ್ಟುಬಿಡಿ. ಆ ಗೆರೆಗಳು ಬೂದಿಯಾದರೆ ಹಲ್ಲುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡಂತೆ ಕಾಣುತ್ತವೆ. ಬಳಿದ ಮೇಲೆ ಮಾಸ್ಕಿನ Feather ಅನ್ನು 1 ಪಿಕ್ಸೆಲ್ ಇಟ್ಟರೆ ಅಂಚು ಮೆದುವಾಗುತ್ತದೆ. ಅದಕ್ಕಿಂತ ಬಹಳ ಹೆಚ್ಚಿಸಿದರೆ ತುಟಿಯ ಸುತ್ತ ಬಿಳಿ ಮಂಜು ಕವಿಯುತ್ತದೆ.

ಹಳದಿ ಎಷ್ಟು ಇಳಿಸಬೇಕು

ಈಗ ಲೆಕ್ಕಕ್ಕೆ ಬರೋಣ. Color Sampler Tool ನಿಂದ ಒಂದು ಬಾಚಿಹಲ್ಲಿನ ನಡುವೆ, ಹೊಳಪು ಚುಕ್ಕಿಯಿಲ್ಲದ ಕಡೆ ಒಂದು ಗುರುತು ಹಾಕಿ, Info ಫಲಕ ತೆರೆದಿಡಿ. ನಮ್ಮ ಚಿತ್ರದಲ್ಲಿ ಬೆಳಕಿನ ಬಣ್ಣ ಸರಿಪಡಿಸಿದ ಮೇಲೆ ಅಲ್ಲಿ ಕೆಂಪು 200, ಹಸಿರು 180, ನೀಲಿ 130 ಇದೆ ಎಂದುಕೊಳ್ಳಿ. ಕೆಂಪು ಮತ್ತು ನೀಲಿಯ ನಡುವಿನ 70ರ ಅಂತರವೇ ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುವುದು. Saturation −50 ಮಾಡಿದಾಗ ಅದು ಸುಮಾರು 183, 173, 148 ಆಗುತ್ತದೆ, ಅಂತರ ಅರ್ಧಕ್ಕೆ ಇಳಿಯುತ್ತದೆ.

ಇದೇ ಗುರುತನ್ನು Lab ಅಳತೆಯಲ್ಲಿ ನೋಡುವುದು ಇನ್ನೂ ಅನುಕೂಲ. ಅಲ್ಲಿ b ಎಂಬ ಒಂದೇ ಅಂಕಿ ಹಳದಿಯನ್ನು ಹೇಳುತ್ತದೆ, L ಬೆಳಕನ್ನು ಹೇಳುತ್ತದೆ. ನಮ್ಮ ಹಲ್ಲಿನ b ಸುಮಾರು 28 ಇದ್ದದ್ದು 14ಕ್ಕೆ ಬಂತು. ಐವತ್ತು ದಾಟಿದವರಿಗೆ 10ರಿಂದ 15ರ ನಡುವೆ, ಎಳೆಯರಿಗೆ 6ರಿಂದ 10ರ ನಡುವೆ ನಿಲ್ಲಿಸುವುದು ನನ್ನ ರೂಢಿ. b ಸೊನ್ನೆಗೆ ಹತ್ತಿರವಾದರೆ ಹಲ್ಲು ಬಿಳಿಯಾಗಿ ಕಾಣುವುದಿಲ್ಲ, ಸಿಮೆಂಟಿನ ಬಣ್ಣಕ್ಕೆ ತಿರುಗುತ್ತದೆ. ಸುತ್ತಲಿನ ಚರ್ಮ ಬೆಚ್ಚಗಿನ ಬಣ್ಣದ್ದಾದ್ದರಿಂದ ಅದರ ಪಕ್ಕದಲ್ಲಿ ಬಣ್ಣವಿಲ್ಲದ ಬೂದು ನೀಲಿಯಾಗಿಯೇ ತೋರುತ್ತದೆ. ಚರ್ಮದ ಪಕ್ಕದಲ್ಲಿಟ್ಟಾಗ ಬಿಳಿಯೆನಿಸುವ ಹಲ್ಲಿನಲ್ಲಿ ಚೂರು ಹಳದಿ ಇದ್ದೇ ಇರುತ್ತದೆ.

ಕಳೆದುಹೋದ ಬೆಳಕನ್ನಷ್ಟೇ ಮರಳಿಸುವುದು

ಇನ್ನು L ಕಡೆಗೆ ಕಣ್ಣು ಹಾಯಿಸಿ. 74 ಇದ್ದದ್ದು ಸುಮಾರು 71ಕ್ಕೆ ಇಳಿದಿರುತ್ತದೆ. ನಾವು ಬೆಳಕನ್ನು ಮುಟ್ಟಿಲ್ಲ, ಆದರೂ ಹಲ್ಲು ಮಂಕಾಗಿದೆ. ಇದಕ್ಕೆ ಕಾರಣವಿದೆ. Hue/Saturation ಬಣ್ಣ ಇಳಿಸುವಾಗ ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ಅಂಕಿಗಳನ್ನು ಅವುಗಳ ನಡುಬಿಂದುವಿನ ಕಡೆಗೆ ಎಳೆಯುತ್ತದೆ. ನಮ್ಮ ಕಣ್ಣಿಗೆ ಹೆಚ್ಚು ಬೆಳಕಾಗಿ ತೋರುವ ಕೆಂಪು ಮತ್ತು ಹಸಿರು ಕೆಳಗಿಳಿದವು. ಮೇಲೇರಿದ ನೀಲಿ ಕಣ್ಣಿನ ಲೆಕ್ಕದಲ್ಲಿ ಬಹಳ ಕಡಿಮೆ ಬೆಳಕು ಕೊಡುತ್ತದೆ. ಹೀಗಾಗಿ ಹಳದಿ ತೆಗೆದ ಹಲ್ಲು ಕೊಳಕು ಬೂದಿಯಾಗಿ ಕಾಣುತ್ತದೆ, ಆಗ ಅನೇಕರು ಗಾಬರಿಯಿಂದ ಕೆಳಗಿನ Lightness ಪಟ್ಟಿಯನ್ನು ಬಲಕ್ಕೆ ಎಳೆದುಬಿಡುತ್ತಾರೆ.

Lightness ಅನ್ನು ಮುಟ್ಟಬೇಡಿ. ಅದು ಬಣ್ಣವನ್ನು ಬಿಳಿಯೊಂದಿಗೆ ಬೆರೆಸುತ್ತದೆ. ಕತ್ತಲೆಯ ಭಾಗವೂ ಬೆಳಕಿನ ಭಾಗವೂ ಬಿಳಿಯ ಕಡೆಗೆ ಸರಿದು ಅವುಗಳ ನಡುವಿನ ಅಂತರ ಕುಗ್ಗುತ್ತದೆ. ಚಪ್ಪಟೆತನ ಹುಟ್ಟುವ ಜಾಗ ಅದೇ.

ಅದರ ಬದಲು ಮೇಲಿನ Curves ಲೇಯರಿಗೆ ಹೋಗಿ. ಮೊದಲು ಗೆರೆಯ ಮೇಲೆ ಎರಡು ಮೊಳೆ ಹೊಡೆಯಿರಿ: Input 90 ಇರುವಲ್ಲಿ Output 90, Input 235 ಇರುವಲ್ಲಿ Output 235. ಮೊದಲನೆಯದು ಹಲ್ಲಿನ ಸಂದುಗಳ ಕಪ್ಪನ್ನು ಕಾಯುತ್ತದೆ, ಎರಡನೆಯದು ಎಂಜಲಿನ ಹೊಳಪು ಚುಕ್ಕಿಗಳನ್ನು ಕಾಯುತ್ತದೆ. ಆಮೇಲೆ Input 170 ಅನ್ನು 182ಕ್ಕೆ ಎತ್ತಿ. ನಮ್ಮ ಗುರುತಿನ L ಸುಮಾರು 75ಕ್ಕೆ ಬರುತ್ತದೆ, ಅಂದರೆ ಮೂಲ ಬೆಳಕಿಗಿಂತ ಒಂದೇ ಮೆಟ್ಟಿಲು ಮೇಲೆ. ಇಷ್ಟೇ ಸಾಕು. ಹಳದಿ ಅರ್ಧ ಇಳಿದು ಬೆಳಕು ಮೊದಲಿನಷ್ಟೇ ಇದ್ದರೆ ಕಣ್ಣು ಅದನ್ನು ಬಿಳಿಯೆಂದೇ ಒಪ್ಪಿಕೊಳ್ಳುತ್ತದೆ. L ಅನ್ನು 85ಕ್ಕೆ ಏರಿಸಿದರೆ ಹೊಳಪು ಚುಕ್ಕಿಗಳು ಹಲ್ಲಿನಲ್ಲಿ ಕರಗಿಹೋಗಿ ಹಲ್ಲಿನ ಒದ್ದೆತನವೇ ಮಾಯವಾಗುತ್ತದೆ. ಒಣಗಿದ ಹಲ್ಲು ಪ್ಲಾಸ್ಟಿಕ್ಕಿನಂತೆ ತೋರುವುದು ಇದರಿಂದಲೇ.

ಹಲ್ಲು ಕಣ್ಣಿನ ಬಿಳಿಗಿಂತ ಬೆಳ್ಳಗಿರಬಾರದು ಎಂಬ ಮಾತನ್ನು ಸ್ಟುಡಿಯೋಗಳಲ್ಲಿ ಕೇಳಿರುತ್ತೀರಿ. ಅದು ಒಳ್ಳೆಯ ಮಾತು, ಆದರೆ ಕಣ್ಣು ಹುಬ್ಬಿನ ನೆರಳಿನಲ್ಲಿದ್ದಾಗ ಅದನ್ನು ಹಾಗೆಯೇ ಅನ್ವಯಿಸಲಾಗದು. ಬೆಳಕು ಬೀಳುವ ಬದಿಯ ಕಣ್ಣನ್ನು ಅದೇ ಬದಿಯ ಹಲ್ಲಿನೊಂದಿಗೆ ಹೋಲಿಸಿ. ನಮ್ಮ ಚಿತ್ರದಲ್ಲಿ ತೋಟದ ಕಡೆಯ ಬೆಳಕು ಎಡದಿಂದ ಬಂದಿದೆ, ಆದ್ದರಿಂದ ಎಡಗಣ್ಣಿಗೆ ಎಡಬದಿಯ ಬಾಚಿಹಲ್ಲು ಸರಿಸಾಟಿ.

ಕವಳದ ಕಲೆ

ಇದಕ್ಕೆ ಬೇರೆಯೇ ದಾರಿ ಬೇಕು. ಅಡಿಕೆ, ಎಲೆ, ಸುಣ್ಣ ಸೇರಿ ಕೂರಿಸಿದ ಕಲೆ ಕೆಂಪು ಕಂದು ಬಣ್ಣದ್ದು, ಹಲ್ಲುಗಳ ಸಂದಿನಲ್ಲೂ ಒಸಡಿನ ಅಂಚಿನಲ್ಲೂ ಗಾಢವಾಗಿರುತ್ತದೆ. ಅದರ ಬಣ್ಣ ಇಳಿಸಿದರೆ ಕಲೆ ಹೋಗುವುದಿಲ್ಲ, ಕಂದು ಹೋಗಿ ಕಪ್ಪುಬೂದು ಉಳಿಯುತ್ತದೆ. ಕವಳ ಹಾಕುವವರ ಹಲ್ಲು ಹುಳುಕು ಹಲ್ಲಿನಂತೆ ಕಾಣುತ್ತದೆ. ಇದು ತಿದ್ದದೆ ಬಿಟ್ಟಿದ್ದಕ್ಕಿಂತ ಕೆಟ್ಟದ್ದು. ಆದ್ದರಿಂದ ಮೊದಲು ಗುಂಪಿನ ಮಾಸ್ಕಿನಲ್ಲಿ ಗಾಢ ಕಲೆಗಳ ಮೇಲೆ ಕಪ್ಪು ಬಳಿದು ಅವನ್ನು ಹೊರಗಿಡಿ.

ನಂತರ ಎಲ್ಲದರ ಮೇಲೆ ಒಂದು ಖಾಲಿ ಲೇಯರ್ ಹಾಕಿ, ಅದರ ಬೆರೆಸುವ ವಿಧಾನವನ್ನು Lighten ಮಾಡಿ. ಬ್ರಶ್ಶಿನ Opacity 12ರ ಸುಮಾರಿಗಿರಲಿ. Alt ಒತ್ತಿ ಕಲೆಯ ಪಕ್ಕದ ಸ್ವಚ್ಛ ಹಲ್ಲಿನ ಬಣ್ಣವನ್ನು ಎತ್ತಿಕೊಂಡು ಕಲೆಯ ಮೇಲೆ ಎರಡು ಮೂರು ಸಲ ಸವರಿ. Lighten ಇರುವುದರಿಂದ ಆ ಬಣ್ಣಕ್ಕಿಂತ ಕಪ್ಪಾಗಿರುವ ಕಡೆ ಮಾತ್ರ ಅದು ಹಿಡಿಯುತ್ತದೆ, ಹೊಳಪು ಚುಕ್ಕಿಗಳು ಉಳಿಯುತ್ತವೆ. ಪ್ರತಿ ಹಲ್ಲಿಗೂ ಹೊಸದಾಗಿ ಬಣ್ಣ ಎತ್ತಿಕೊಳ್ಳಿ. ಬಾಚಿಹಲ್ಲಿನ ಬಣ್ಣವನ್ನು ಕೋರೆಹಲ್ಲಿಗೆ ಹಚ್ಚಿದರೆ ತೇಪೆ ಕಾಣುತ್ತದೆ. ಕೊನೆಗೆ ಇಡೀ ಲೇಯರಿನ Opacity ಅನ್ನು ಸುಮಾರು 60ಕ್ಕೆ ಇಳಿಸಿ. ಕಲೆ ತಿಳಿಯಾಗಿ ಉಳಿಯುತ್ತದೆ. ಷಷ್ಟ್ಯಬ್ದಿಯ ಆ ಅಮ್ಮ ಕೇಳಿದ್ದೂ ಅದನ್ನೇ, ಮತ್ತು ನನ್ನ ದೃಷ್ಟಿಯಲ್ಲಿ ಅವರ ಮಾತೇ ಸರಿ. ಮೂವತ್ತು ವರ್ಷ ಕವಳ ಹಾಕಿದ ಬಾಯಲ್ಲಿ ಒಂದು ಕಲೆಯೂ ಇಲ್ಲದಿದ್ದರೆ ಮನೆಗೆ ಬಂದ ನೆಂಟರ ಕಣ್ಣು ನಗುವನ್ನು ಬಿಟ್ಟು ಹಲ್ಲಿಗೇ ಹೋಗುತ್ತದೆ.

ಪರೀಕ್ಷೆ

ಹಲ್ಲಿನ ಕೆಲಸವನ್ನು 300 ಪ್ರತಿಶತ ಹಿಗ್ಗಿಸಿಕೊಂಡು ಮಾಡುತ್ತೇವೆ. ಆ ಹೊತ್ತಿನಲ್ಲಿ ಪರದೆಯ ತುಂಬ ಹಲ್ಲೇ ಇರುತ್ತದೆ, ಕಣ್ಣು ಅದಕ್ಕೇ ಒಗ್ಗಿಹೋಗಿ ಎಷ್ಟು ಬಿಳಿ ಮಾಡಿದರೂ ಸಾಲದು ಎನಿಸುತ್ತದೆ. ಪ್ರಮಾಣವನ್ನು ಆ ಸ್ಥಿತಿಯಲ್ಲಿ ಎಂದೂ ನಿರ್ಧರಿಸಬೇಡಿ. ಬಳಿಯುವುದು ಹಿಗ್ಗಿಸಿಕೊಂಡಾಗ, ಪಟ್ಟಿ ಎಳೆಯುವುದು ಇಡೀ ಚಿತ್ರ ಪರದೆಯಲ್ಲಿ ಕಾಣುವಾಗ. ಪರದೆಯ ರಾತ್ರಿ ಬೆಳಕು ಅಥವಾ ಕಣ್ಣು ರಕ್ಷಣೆಯ ಹಳದಿ ವಿಧಾನ ಆನ್ ಆಗಿದ್ದರೆ ಮೊದಲು ಅದನ್ನು ಆಫ್ ಮಾಡಿ.

ಎಲ್ಲ ಮುಗಿದ ಮೇಲೆ ಎದ್ದುಹೋಗಿ, ಹತ್ತು ನಿಮಿಷ ಬಿಟ್ಟು ಬನ್ನಿ. ಚಿತ್ರ ತೆರೆದ ಕೂಡಲೇ ನಿಮ್ಮ ಕಣ್ಣು ಮೊದಲು ಹೋಗಿ ನಿಲ್ಲುವುದು ಕಣ್ಣಿನ ಮೇಲೋ ಹಲ್ಲಿನ ಮೇಲೋ ಗಮನಿಸಿ. ಹಲ್ಲಿನ ಮೇಲಾದರೆ ಗುಂಪಿನ Opacity ಅನ್ನು 100ರಿಂದ 80ಕ್ಕೆ, ಬೇಕಾದರೆ 70ಕ್ಕೆ ಇಳಿಸಿ. ಮತ್ತೆ ಮೊದಲಿನಿಂದ ಮಾಡಬೇಕಾಗಿಲ್ಲ, ಗುಂಪು ಕಟ್ಟಿದ್ದರ ಪ್ರಯೋಜನ ಇದೇ. ಚಪ್ಪಟೆಯಾಗಿದೆಯೇ ಎಂದು ತಿಳಿಯಲು ಇಡೀ ಚಿತ್ರವನ್ನು ತಾತ್ಕಾಲಿಕವಾಗಿ ಕಪ್ಪುಬಿಳುಪು ಮಾಡಿ ನೋಡಿ. ಬಣ್ಣವಿಲ್ಲದಿದ್ದಾಗಲೂ ಬಾಚಿಹಲ್ಲಿನಿಂದ ಕೆನ್ನೆಯ ಕಡೆಗೆ ನೆರಳು ಇಳಿಯುತ್ತಾ ಹೋಗುವುದು ಕಾಣಬೇಕು.

ಗಿಂಪ್, ಮೊಬೈಲ್

ಗಿಂಪ್‌ನಲ್ಲಿ ಮಾಡುವವರು ಮೊದಲು ಲೇಯರನ್ನು ನಕಲು ಮಾಡಿ, ಆ ನಕಲಿಗೆ Colors ಮೆನುವಿನ Hue-Saturation ನಲ್ಲಿ Y ಆರಿಸಿ Saturation ಇಳಿಸಿ, ಮೇಲೆ ಹೇಳಿದ ಹಾಗೆಯೇ Curves ಹಾಕಿ, ಕಪ್ಪು ಮಾಸ್ಕ್ ಸೇರಿಸಿ ಬಳಿಯಬಹುದು. ಅಂಕಿಗಳು ಹೆಚ್ಚುಕಡಿಮೆ ಇವೇ, ಆದರೂ ಅಲ್ಲಿನ Sample Points ಫಲಕದ ಗುರುತನ್ನು ನೋಡಿಯೇ ನಿಲ್ಲಿಸಿ.

ಮೊಬೈಲಿನಲ್ಲಿ ಸ್ನ್ಯಾಪ್‌ಸೀಡ್ ಬಳಸುವವರು ಬ್ರಶ್ ಸಾಧನದಲ್ಲಿ Saturation ಆರಿಸಿ, ಮೈನಸ್ ಕಡೆಯ ಕಡಿಮೆ ಅಂಕಿಯನ್ನೇ ಹಿಡಿದು ಹಿಗ್ಗಿಸಿ ಸವರಲಿ. ಅಲ್ಲಿ ಹಳದಿಯನ್ನು ಮಾತ್ರ ಆರಿಸಲು ಬರುವುದಿಲ್ಲ, ಒಸಡಿಗೆ ಬೆರಳು ತಾಗಿದರೆ ಅದೂ ಬಿಳಿಚಿಕೊಳ್ಳುತ್ತದೆ. ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಇದು ನಡೆಯುತ್ತದೆ, ಚೌಕಟ್ಟಿನ ಚಿತ್ರಕ್ಕೆ ಬೇಡ.

ಪ್ರಿಂಟ್

ಲೇಯರುಗಳಿರುವ ಫೈಲನ್ನು ಪಿಎಸ್‌ಡಿ ಆಗಿ ಉಳಿಸಿಟ್ಟುಕೊಂಡು, ಲ್ಯಾಬಿಗೆ ಜೆಪೆಗ್ ಕಳಿಸಿ. 12×18 ಇಂಚಿನದಕ್ಕೆ ಹಣ ಕೊಡುವ ಮುಂಚೆ ಮುಖದ ಭಾಗವನ್ನಷ್ಟೇ ಕತ್ತರಿಸಿ, ಅದೇ ಹಿಗ್ಗುವಿಕೆಯಲ್ಲಿ ಒಂದು 4×6 ಇಂಚಿನ ಪ್ರಿಂಟ್ ತೆಗೆಸಿ ನೋಡಿ. 255 ಮುಟ್ಟಿದ ಭಾಗದಲ್ಲಿ ಯಾವ ಬಣ್ಣವೂ ಬೀಳುವುದಿಲ್ಲ, ಅಲ್ಲಿ ಬರಿಯ ಕಾಗದವೇ ಹಲ್ಲಾಗಿ ಉಳಿಯುತ್ತದೆ. ಆ ಮಾದರಿಯನ್ನು ಹಗಲಿನಲ್ಲಿ ಕಿಟಕಿಯ ಪಕ್ಕ ಹಿಡಿದು ನೋಡಿ. ನಡುಮನೆಯ ಹಳದಿ ಬಲ್ಬಿನ ಕೆಳಗೆ ಪ್ರಿಂಟಿನ ಹಲ್ಲು ಹಳದಿಯಾಗಿ ಕಂಡರೆ ಅದು ಬಲ್ಬಿನ ಹಳದಿ, ಅದಕ್ಕಾಗಿ ಫೈಲನ್ನು ಮತ್ತೆ ತಿದ್ದಬೇಡಿ. ಅದೇ ಬಲ್ಬಿನ ಕೆಳಗೆ ಮುಖವೂ ಗೋಡೆಯೂ ಅಷ್ಟೇ ಹಳದಿಯಾಗಿರುತ್ತವೆ.